ಐನೂರರ ಆಚೆ

ರಾತ್ರಿ ಒಂಬತ್ತೂವರೆಗೆ ಮೊದಲ ದೂರು ಬಂತು. ರಕ್ತಪರೀಕ್ಷೆಗೆ ಬರಬೇಕಿದ್ದವರೊಬ್ಬರಿಗೆ ‘ನಾಳೆ ಬೆಳಿಗ್ಗೆ ಏನೂ ತಿನ್ನದೆ ಬನ್ನಿ’ ಎಂಬ ಸಂದೇಶ ನಾಲ್ಕು ಸಲ ಹೋಗಿತ್ತು. ವಾಣಿ ಲಾಗ್ ತೆರೆಯುವಷ್ಟರಲ್ಲಿ ಐದನೆಯದೂ ಹೋಯಿತು. ಮೊದಲು ಪ್ರೋಗ್ರಾಂ ನಿಲ್ಲಿಸಿದಳು, ಆಮೇಲೆ ಗಿರೀಶರಿಗೆ ಫೋನ್ ಮಾಡಿದಳು.

ಇಬ್ಬರಿಗೂ ನೆಟ್‌ವರ್ಕ್ ಮೇಲೆಯೇ ಅನುಮಾನ. ಸಂದೇಶ ತಲುಪಿದರೂ ಉತ್ತರ ಬರುವುದು ತಡವಾದರೆ ಪ್ರೋಗ್ರಾಂ ಅದನ್ನೇ ಮತ್ತೆ ಕಳುಹಿಸುತ್ತದೆ; ಇಂಥ ದೋಷಗಳಲ್ಲಿ ಇದು ಹಳೆಯ ಕಳ್ಳ. ಪರೀಕ್ಷಾ ಸರ್ವರ್‌ನಲ್ಲಿ ಆ ಮರುಪ್ರಯತ್ನದ ಭಾಗವನ್ನೇ ತೆಗೆದು ನೋಡಿದರು. ಒಂದೇ ಕೆಲಸ ಎರಡು ಕಡೆ ಓಡುತ್ತಿದೆಯೇ ಎಂದು ಹುಡುಕಿದರು. ಎಲ್ಲವೂ ಸರಿಯಾಗಿತ್ತು. ಹತ್ತಿಪ್ಪತ್ತು ಹೆಸರುಗಳ ಪರೀಕ್ಷಾ ಪಟ್ಟಿಗೆ ಒಂದೊಂದೇ ಸಂದೇಶ ಹೋಗುತ್ತಿತ್ತು.

ಎರಡು ಗಂಟೆಯ ಹೊತ್ತಿಗೆ ಗಿರೀಶ್ ಕೇಳಿದರು: “ಪದೇ ಪದೇ ಹೋಗಿರುವುದು ಎಷ್ಟು ಜನರಿಗೆ?”

ವಾಣಿ ಎಣಿಸಿದಳು. “ಸರಿಯಾಗಿ ಐನೂರು, ಸರ್.”

“ಪಟ್ಟಿಯಲ್ಲಿರುವುದು?”

“ಆರುನೂರ ಹನ್ನೆರಡು.”

ಉಳಿದ ನೂರ ಹನ್ನೆರಡು ಜನರಿಗೆ ಒಂದು ಸಂದೇಶವೂ ಹೋಗಿರಲಿಲ್ಲ. ಈವರೆಗೆ ಇದು ಕಿರಿಕಿರಿಯ ವಿಷಯವಾಗಿತ್ತು. ಈಗ, ಬೆಳಿಗ್ಗೆ ಉಪಾಹಾರ ಮುಗಿಸಿ ಬಂದು, ಪರೀಕ್ಷೆಯಾಗದೆ ಹಿಂದಿರುಗುವವರ ಸಾಲೇ ವಾಣಿಯ ಕಣ್ಣಿಗೆ ಕಟ್ಟಿತು.

ಪ್ರೋಗ್ರಾಂ ಒಂದು ಸಲಕ್ಕೆ ಐನೂರು ಹೆಸರುಗಳನ್ನು ತರುತ್ತದೆ. ಕೊನೆಯವರ ಸಂಖ್ಯೆಯನ್ನು `last_id`ಯಲ್ಲಿ ಇಟ್ಟುಕೊಂಡು ಅಲ್ಲಿಂದ ಮುಂದಿನವರನ್ನು ಕೇಳಬೇಕು. ಐನೂರಕ್ಕಿಂತ ಕಡಿಮೆ ಬಂದರೆ ಅಲ್ಲಿಗೇ ಮುಗಿಯಿತು. ಆ ಭಾಗವನ್ನು ಇಬ್ಬರೂ ರಾತ್ರಿಯಿಂದ ಓದಿದ್ದೇ ಓದಿದ್ದು. ವಾಣಿ ಪರೀಕ್ಷಾ ಪಟ್ಟಿಯನ್ನು ಆರುನೂರಕ್ಕೆ ಬೆಳೆಸಿ, ಪ್ರತಿ ಸುತ್ತಿನಲ್ಲೂ ಆ ಸಂಖ್ಯೆಯನ್ನು ಮುದ್ರಿಸಿದಳು. ಸೊನ್ನೆ. ಮತ್ತೆ ಸೊನ್ನೆ.

ಎಡಿಟರ್‌ನಲ್ಲಿ `last_id` ಎಂದು ಹುಡುಕಿದಳು. ಆ ಹೆಸರಿದ್ದ ಕಡೆಯೆಲ್ಲ ಹಳದಿ ಬಣ್ಣ ಹತ್ತಿತು. ಹತ್ತಲೇಬೇಕಿದ್ದ ಒಂದು ಸಾಲು ಮಾತ್ರ ಹಾಗೇ ಉಳಿಯಿತು:

```python
self.lats_id = rows[-1].id
```

“ಸರ್, ಎಸ್, ಟಿ ಅದಲುಬದಲಾಗಿವೆ!”

ಪೈಥಾನ್ ತಕರಾರು ಮಾಡಿರಲಿಲ್ಲ. ಇಲ್ಲದ ಹೆಸರಿಗೆ ಬೆಲೆ ಕೊಟ್ಟರೆ ಅದು ಆ ಹೆಸರನ್ನೇ ಹೊಸದಾಗಿ ಹುಟ್ಟಿಸಿಕೊಳ್ಳುತ್ತದೆ. ಕಣ್ಣಂತೂ ಅಲ್ಲಿ ಇರಬೇಕಾದುದನ್ನೇ ಓದಿಕೊಂಡಿತ್ತು.

ತಿದ್ದಿದ ಮೇಲೆ ಆರುನೂರೂ ಒಂದೊಂದೇ ಸಲ ಹೋದವು. ಇಂಥ ತಪ್ಪು ಮತ್ತೆ ನುಸುಳದಂತೆ ಗಿರೀಶ್ ಆ ಕ್ಲಾಸ್‌ಗೆ `__slots__` ಎಂಬ ಹೆಸರುಪಟ್ಟಿ ಸೇರಿಸಿದರು; ಅದರಲ್ಲಿಲ್ಲದ ಹೆಸರಿಗೆ ಬೆಲೆ ಕೊಟ್ಟರೆ ಪ್ರೋಗ್ರಾಂ ಅಲ್ಲೇ ದೋಷ ತೋರಿಸಿ ನಿಲ್ಲುತ್ತದೆ.

“ಉಳಿದವರಿಗೆ ಈಗಲೇ ಕಳುಹಿಸೋಣವೇ? ಗಂಟೆ ನಾಲ್ಕೂ ಆಗಿಲ್ಲ, ನಿದ್ದೆ ಕೆಡುತ್ತದೆ” ಎಂದರು ಗಿರೀಶ್.

“ಬೇಗ ಏಳುವವರು ಐದಕ್ಕೇ ಏನಾದರೂ ಬಾಯಿಗೆ ಹಾಕಿಕೊಳ್ಳುತ್ತಾರೆ, ಸರ್.”

“ಹಾಗಾದರೆ ಕಳುಹಿಸಿ.”

ಸಂದೇಶದ ‘ನಾಳೆ’ಯನ್ನು ‘ಇಂದು’ ಎಂದು ತಿದ್ದಿ, ಮೊದಲ ಐನೂರು ಜನರನ್ನು ಬಿಟ್ಟು ಪಟ್ಟಿ ಸಿದ್ಧಪಡಿಸಿದಳು. ನೂರ ಹನ್ನೆರಡೇ ಇವೆಯೆಂದು ಎರಡು ಸಲ ಎಣಿಸಿ, ಎಂಟರ್ ಒತ್ತಿದಳು.