ಬುಧವಾರದ ಸಂದರ್ಶನ ತಪ್ಪಿದ್ದಕ್ಕೆ ಕ್ಷಮೆ, ಹೊಸ ಹೊತ್ತಿಗಾಗಿ ವಿನಂತಿ

ಉಸ್ತಾದರಿಗೆ ಸಲಾಂ, ಶರಣು.

ಇವತ್ತು, ಡಿಸೆಂಬರ್ 10ರ ಬುಧವಾರ, ಬೆಳಿಗ್ಗೆ 10:45ಕ್ಕೆ ಬಿದ್ರಿ ಎರಕವನ್ನು ಚಿತ್ರೀಕರಿಸಿ ನಿಮ್ಮ ಸಂದರ್ಶನ ಮಾಡಲು ಬೀದರಿನ ನಿಮ್ಮ ಕಾರ್ಖಾನೆಯಲ್ಲಿ ಇರಬೇಕಾಗಿದ್ದ ನಾವು ಬಂದು ಮುಟ್ಟಿದ್ದು 11:40ಕ್ಕೆ. ಅಷ್ಟೊತ್ತಿಗೆ ಎರಕ ಮುಗಿದಿತ್ತು, ಹೈದರಾಬಾದಿಗೆ ಹೋಗುವ ಮಾಲನ್ನು ಬಸ್ಸಿಗೆ ಹಾಕಲು ನೀವು ಹೊರಟು ಹೋಗಿದ್ದಿರಿ. ತಪ್ಪು ಪೂರ್ತಿ ನಮ್ಮದು. ದಯವಿಟ್ಟು ಕ್ಷಮಿಸಬೇಕು.

ಹೇಗಾಯಿತು ಎಂಬುದನ್ನು ಹೇಳಬೇಕಾದದ್ದು ನಮ್ಮ ಕರ್ತವ್ಯ. ಭಾನುವಾರ ಫೋನಿನಲ್ಲಿ ನೀವು 'ಬುಧ್ ಕೆ ದಿನ್ ಪೌನೆ ಗ್ಯಾರಾ ಬಜೆ' ಎಂದು ಸ್ಪಷ್ಟವಾಗಿಯೇ ಹೇಳಿದ್ದಿರಿ. ಪೌಣೆ ಹನ್ನೊಂದು ಎಂದರೆ ಹನ್ನೊಂದಕ್ಕೆ ಕಾಲು ತಾಸು ಕಡಿಮೆ, 10:45. ಆದರೆ ಡೈರಿಯಲ್ಲಿ ಬರೆದುಕೊಳ್ಳುವಾಗ ಅದನ್ನು ಹನ್ನೊಂದರ ಮೇಲೆ ಮುಕ್ಕಾಲು ಎಂದು ತಿಳಿದು 11:45 ಎಂದು ಬರೆದೆವು. ಸವಾ, ಸಾಡೆ ಎಂದಾಗ ಹೊತ್ತು ಮುಂದಕ್ಕೆ ಹೋಗುತ್ತದೆ, ಪೌಣೆ ಎಂದಾಗ ಮಾತ್ರ ಹಿಂದಕ್ಕೆ. ಈ ಒಂದು ಮಾತಿನಲ್ಲಿ ಸರಿಯಾಗಿ ಒಂದು ತಾಸು ಹೋಯಿತು. ಬರೆದ ಮೇಲೆ ಅಂಕಿಯಲ್ಲಿ ನಿಮಗೆ ಕಳಿಸಿ ಖಾತ್ರಿ ಮಾಡಿಕೊಂಡಿದ್ದರೆ ಅಲ್ಲೇ ಸರಿಹೋಗುತ್ತಿತ್ತು, ಅದನ್ನೂ ನಾವು ಮಾಡಲಿಲ್ಲ. ನೀವು 10:55ಕ್ಕೆ ಮತ್ತು 11:10ಕ್ಕೆ ಮಾಡಿದ ಎರಡು ಕರೆಗಳನ್ನು ನೋಡಿದ್ದು ಬೀದರ್ ಮುಟ್ಟಿದ ಮೇಲೆ. ಹುಮನಾಬಾದ್ ದಾಟಿದ ಮೇಲೆ ಫೋನ್ ಚೀಲದಲ್ಲೇ ಉಳಿದಿತ್ತು. ಅದೂ ನಮ್ಮದೇ ತಪ್ಪು.

ಇದು ಬರೀ ಒಂದು ತಾಸಿನ ಲೆಕ್ಕವಲ್ಲ ಎಂಬುದು ನಮಗೆ ಗೊತ್ತು. ನಮಗೆ ತೋರಿಸಬೇಕೆಂದೇ ನೀವು ಅಚ್ಚುಗಳನ್ನು ಬೆಳಿಗ್ಗೆ ಕಟ್ಟದೆ ತಡೆದಿಟ್ಟಿದ್ದಿರಿ, ಭಟ್ಟಿಯನ್ನೂ ತಡವಾಗಿ ಹೊತ್ತಿಸಿದ್ದಿರಿ. ಹರಳೆಣ್ಣೆ, ರಾಳ ಕಲಸಿದ ಮಣ್ಣಿನ ಅಚ್ಚನ್ನು ಬಹಳ ಹೊತ್ತು ಹಾಗೇ ಬಿಡುವಂತಿಲ್ಲ. ಕರಗಿದ ಸತುವನ್ನು ಕಾಯಿಸುತ್ತಾ ಕೂಡುವುದೂ ಆಗುವುದಿಲ್ಲ. ಸತು ಸುಮಾರು 420 ಡಿಗ್ರಿಗೆ ಕರಗುತ್ತದೆ, ಕಾವು ಹೆಚ್ಚುತ್ತಾ ಹೋದರೆ ಬಿಳಿ ಹೊಗೆಯಾಗಿ ಹಾರಿ ತಾಮ್ರದ ಪಾಲು ಏರುತ್ತದೆ. ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ ಎಂದು ನೀವು ಹಿಡಿಯುವ ಹದ ಅಲ್ಲಿಗೆ ತಪ್ಪುತ್ತದೆ. ನಮಗಾಗಿ ಕಾಯದೆ ನೀವು ಸುರಿದು ಮುಗಿಸಿದ್ದೇ ಸರಿ. ಕಾದಿದ್ದರೆ ನಮ್ಮ ತಪ್ಪಿಗೆ ನಿಮ್ಮ ಮಾಲು ಕೆಡುತ್ತಿತ್ತು.

ಭಟ್ಟಿಯ ಬಳಿ ನಿಮ್ಮ ಜೊತೆಗಿರುವ ಹುಡುಗನ ಅರ್ಧ ದಿನ ನಮ್ಮಿಂದ ವ್ಯರ್ಥವಾಯಿತು. ನೀವು ಕೊಡುವ ದರದಲ್ಲೇ ಆ ಅರ್ಧ ದಿನದ ಕೂಲಿಯನ್ನು ನಾವು ಕೊಡುತ್ತೇವೆ. ಇದನ್ನು ಬೇರೆ ರೀತಿ ತಿಳಿಯಬೇಡಿ ಉಸ್ತಾದರೇ, ಅವನ ದುಡಿಮೆಯ ಹೊತ್ತನ್ನು ನಾವು ತೆಗೆದುಕೊಂಡಿದ್ದೇವೆ, ಅಷ್ಟೇ.

ಈಗ ಹೊಸ ದಿನದ ಮಾತು. ನಿಮಗೆ ಅನುಕೂಲವಾದರೆ ಡಿಸೆಂಬರ್ 16, ಮಂಗಳವಾರ, ಬೆಳಿಗ್ಗೆ 10:45. ಅಂದರೆ ಪೌಣೆ ಹನ್ನೊಂದು, ಹತ್ತು ಗಂಟೆ ನಲವತ್ತೈದು ನಿಮಿಷ. ಅದು ಆಗದಿದ್ದರೆ ಡಿಸೆಂಬರ್ 18, ಗುರುವಾರ, ಅದೇ ಹೊತ್ತು. ಜುಮ್ಮಾ ಇರುವುದರಿಂದ ಶುಕ್ರವಾರವನ್ನು ನಾವೇ ಬಿಟ್ಟಿದ್ದೇವೆ. ಎರಡೂ ದಿನ ಎರಕ ಇಲ್ಲವಾದರೆ ನಿಮ್ಮ ಮುಂದಿನ ಎರಕ ಎಂದೋ ಅಂದೇ ಬರುತ್ತೇವೆ. ನಮ್ಮ ಕ್ಯಾಮೆರಾಕ್ಕಾಗಿಯೇ ಬೇರೆ ಭಟ್ಟಿ ಹೊತ್ತಿಸುವುದು ಖಂಡಿತ ಬೇಡ. ಆರ್ಡರಿನ ಕೆಲಸ ನಡೆಯುತ್ತಿರುವಾಗ ಪಕ್ಕದಲ್ಲಿ ನಿಂತು ನೋಡುವುದೇ ನಮಗೆ ಬೇಕಾದದ್ದು.

ಕಲಬುರಗಿಯಿಂದ ಬೆಳಿಗ್ಗೆ ಹೊರಟು ಸುಮಾರು 110 ಕಿಲೋಮೀಟರ್ ದಾರಿಯನ್ನು ನಂಬಿಕೊಳ್ಳುವುದಿಲ್ಲ. ಹಿಂದಿನ ಸಂಜೆಯೇ ಬೀದರಿಗೆ ಬಂದು ತಂಗುತ್ತೇವೆ, 10:15ಕ್ಕೆ ನಿಮ್ಮ ಬಾಗಿಲಲ್ಲಿ ಇರುತ್ತೇವೆ. ಬರುವುದು ಮೂವರೇ, ಒಬ್ಬರು ಮಾತಿಗೆ, ಒಬ್ಬರು ಕ್ಯಾಮೆರಾಕ್ಕೆ, ಒಬ್ಬರು ಧ್ವನಿಗೆ. ಸತು ಕರಗುವಾಗ ಗಾಳಿ ಬರುವ ಕಡೆ ನಿಲ್ಲುತ್ತೇವೆ, ಬಾಯಿಗೆ ಮಾಸ್ಕ್ ಹಾಕಿರುತ್ತೇವೆ. ಕ್ಯಾಮೆರಾ ಭಟ್ಟಿಯಿಂದ ಒಂದೂವರೆ ಮೀಟರ್ ದೂರ. ಸುರಿಯುವಾಗ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ.

ಮಾತನ್ನು ಎರಕ ಆದ ಮೇಲೆ, 11:30ರಿಂದ ಇಟ್ಟುಕೊಳ್ಳೋಣ ಎಂದು ನಮ್ಮ ಅನಿಸಿಕೆ. ಅಚ್ಚು ಬಿಡಿಸಿ, ಅರದಿಂದ ಉಜ್ಜಿ, ಮೈಲುತುತ್ತದ ನೀರು ಬಳಿದು ಕಪ್ಪು ಮಾಡಿದ ಮೇಲೆ ನೀವು ಬಳ್ಳಿಯ ಚಿತ್ತಾರ ಬಿಡಿಸುತ್ತೀರಲ್ಲ, ಆ ಹೊತ್ತು ನಮಗೆ ಎಲ್ಲಕ್ಕಿಂತ ಮುಖ್ಯ. ಉಳಿ ತಾಗಿದ ಕಡೆಯೆಲ್ಲ ಕರಿಯ ಮೈ ಮೇಲೆ ಗೆರೆ ಬೆಳ್ಳಗೆ ಕಾಣುತ್ತದೆ. ಸದ್ದೂ ಕಡಿಮೆ ಇರುತ್ತದೆ, ಮಾತು ಚೆನ್ನಾಗಿ ದಾಖಲಾಗುತ್ತದೆ. ಬೆಳ್ಳಿ ತಂತಿ ಕೂರಿಸಲು ಶುರು ಮಾಡಿದರೆ ಸುತ್ತಿಗೆಯ ಪೆಟ್ಟು ಧ್ವನಿಯನ್ನೆಲ್ಲ ನುಂಗಿಬಿಡುತ್ತದೆ, ಅದಕ್ಕೆ ಆ ಭಾಗವನ್ನು ಮಾತಿಲ್ಲದೆ ಚಿತ್ರೀಕರಿಸುತ್ತೇವೆ. ಲೈಟು ತರುವುದಿಲ್ಲ. ಬಿದ್ರಿಯ ಕಪ್ಪು ಎದುರಿನ ಬೆಳಕಿಗೆ ಬೂದಿಯಾಗಿ ಕಾಣುತ್ತದೆ, ಬೆಳ್ಳಿಯ ಮೇಲೆ ಬೆಳಕು ಚುಚ್ಚುತ್ತದೆ. ನಿಮ್ಮ ಪೂರ್ವದ ಕಿಟಕಿಯ ಬೆಳಕು ಮತ್ತು ಒಂದು ಬಿಳಿ ಬಟ್ಟೆ ಸಾಕು. ಜೊಹರ್ ನಮಾಜಿಗೆ ಅನುಕೂಲವಾಗುವಂತೆ 12:45ಕ್ಕೆ ನಿಲ್ಲಿಸುತ್ತೇವೆ.

ಕೊನೆಯ ಹಂತವನ್ನು, ಅಂದರೆ ಕೋಟೆಯ ಮಣ್ಣಿಗೆ ನವಸಾಗರ ಸೇರಿಸಿ ಕುದಿಸಿ ಕಪ್ಪು ಏರಿಸುವುದನ್ನು, ಅದೇ ದಿನ ಕೇಳುವುದಿಲ್ಲ. ತಂತಿ ಕೂರಿಸಿ ಮೈ ನುಣುಪಾಗುವವರೆಗೆ ಒಂದು ಹೂದಾನಿಗೆ ಎಷ್ಟು ದಿನ ಬೇಕೋ ನಿಮಗೇ ಗೊತ್ತು. ಆ ಹೂದಾನಿ ಆ ಹಂತಕ್ಕೆ ಬಂದಾಗ ಹಿಂದಿನ ಸಂಜೆ ಒಂದು ಮಿಸ್ಡ್ ಕಾಲ್ ಕೊಟ್ಟರೆ ಸಾಕು, ಬೆಳಿಗ್ಗೆ ನಾವು ಅಲ್ಲಿರುತ್ತೇವೆ. ಸತು ಕಪ್ಪಾಗಿ ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುವ ಆ ಕೆಲವು ನಿಮಿಷಗಳನ್ನು ಅವಸರದಲ್ಲಿ ತೋರಿಸಿ ಎನ್ನಲು ನಮಗೆ ಮನಸ್ಸಿಲ್ಲ.

ಪ್ರಶ್ನೆಗಳ ಹಾಳೆಯನ್ನೂ ತಿದ್ದಿದ್ದೇವೆ. ಇಪ್ಪತ್ತೆರಡಿದ್ದವು, ಈಗ ಒಂಬತ್ತು. ಬಿದ್ರಿ ಎಂದರೆ ಏನು, ಎಲ್ಲಿಂದ ಬಂತು ಎಂದು ನಿಮ್ಮನ್ನು ಮತ್ತೆ ಕೇಳುವುದಿಲ್ಲ. ಕೋಟೆಯ ಮಣ್ಣನ್ನು ನಾಲಿಗೆಗೆ ಮುಟ್ಟಿಸಿ ಒಳ್ಳೆಯದು ಯಾವುದು ಎಂದು ಹೇಗೆ ಗುರುತಿಸುತ್ತೀರಿ, ಬಿಸಿಲು ಮಳೆ ತಾಗದ ಜಾಗದ್ದೇ ಏಕೆ ಬೇಕು, ಕಪ್ಪು ಸರಿಯಾಗಿ ಏರದಿದ್ದರೆ ಮೊದಲು ಏನನ್ನು ಅನುಮಾನಿಸುತ್ತೀರಿ, ಬೆಳ್ಳಿಯ ದರ ಏರಿದಾಗ ತಂತಿಯನ್ನು ಎಷ್ಟು ತೆಳ್ಳಗೆ ಮಾಡಬಹುದು, ಎಲ್ಲಿಗೆ ನಿಲ್ಲಿಸಬೇಕು, ಇಂಥವೇ ಉಳಿದಿವೆ. ಯಾವುದಾದರೂ ಮನೆತನದ ಗುಟ್ಟು ಎನಿಸಿದರೆ ಬಿಟ್ಟುಬಿಡಿ, ದಾಖಲೆಗೆ ಹೋಗುವುದಿಲ್ಲ.

ಸಂದೇಶವನ್ನು ನಿಮ್ಮ ಮಗ ಓದಿ ಹೇಳುತ್ತಾರೆ ಎಂದು ಕನ್ನಡದಲ್ಲೇ ಬರೆದಿದ್ದೇವೆ. ಉತ್ತರಕ್ಕೆ '16' ಅಥವಾ '18' ಎಂದಷ್ಟೇ ಕಳಿಸಿದರೂ ಸಾಕು. ಅದು ಬಂದ ಕೂಡಲೇ ದಿನ, ವಾರ, ಹೊತ್ತು ಮೂರನ್ನೂ ಅಂಕಿಯಲ್ಲಿ ಬರೆದು ವಾಪಸ್ ಕಳಿಸುತ್ತೇವೆ, ಹಿಂದಿನ ಸಂಜೆ 7 ಗಂಟೆಗೆ ಫೋನ್ ಮಾಡುತ್ತೇವೆ. ಎರಡೂ ದಿನ ಬೇಡ ಎನಿಸಿದರೆ ಅದನ್ನೂ ನೇರವಾಗಿ ಹೇಳಿ, ನಿಮಗೆ ಆ ಹಕ್ಕಿದೆ. ಕೂಲಿಯನ್ನು ಮಾತ್ರ ಹೇಗಿದ್ದರೂ ತಲುಪಿಸುತ್ತೇವೆ.

ಮತ್ತೊಮ್ಮೆ ಕ್ಷಮೆ ಕೇಳುತ್ತೇವೆ.

ನಿಮ್ಮ ವಿಶ್ವಾಸಿ,
ಮಲ್ಲಿಕಾರ್ಜುನ, ಜೊತೆಯ ಇಬ್ಬರ ಪರವಾಗಿಯೂ
ಕಲಬುರಗಿ, ಡಿಸೆಂಬರ್ 10, ಸಂಜೆ 6:30