‘ಅಲ್’ ಎಲ್ಲಿ ಕೇಳಿಸುತ್ತದೆ, ಎಲ್ಲಿ ಕರಗುತ್ತದೆ: ಸೂರ್ಯಾಕ್ಷರ, ಚಂದ್ರಾಕ್ಷರ ಮತ್ತು ಇದಾಫಾ ಅಭ್ಯಾಸ

ಅರಬ್ಬಿ ಪ್ರಾಥಮಿಕ ತರಗತಿ, ಮಂಗಳೂರು. ಗಲ್ಫ್ ಆಸ್ಪತ್ರೆಗಳಿಗೆ ಹೊರಟ ನರ್ಸ್‌ಗಳ ಸಂಜೆ ತಂಡ. ಹಾಳೆ 6. ಸಮಯ 60 ನಿಮಿಷ, ಅಂಕ 50.

ಈ ಹಾಳೆಯಲ್ಲಿ ಅರಬ್ಬಿ ಪದಗಳನ್ನು ಕಿವಿಗೆ ಕೇಳುವಂತೆ ಕನ್ನಡದಲ್ಲಿ ಬರೆದಿದೆ. ನಿಮ್ಮ ಉತ್ತರ ಮಾತ್ರ ನೋಟ್‌ಬುಕ್ಕಿನಲ್ಲಿ ಅರಬ್ಬಿ ಲಿಪಿಯಲ್ಲೇ ಇರಬೇಕು, ಬರೆದ ಮೇಲೆ ಗಟ್ಟಿಯಾಗಿ ಓದಬೇಕು. ‘ ಗುರುತು ಐನ್ ಅಕ್ಷರಕ್ಕೆ, ’ ಗುರುತು ಹಮ್ಝಾಕ್ಕೆ. ಕನ್ನಡದಲ್ಲಿ ಒಂದೇ ಥರ ಕಾಣುವ ಅಕ್ಷರಗಳಿಗೆ (ಎರಡು ತಾ, ಎರಡು ಹಾ, ಸೀನ್ ಮತ್ತು ಸಾದ್) ಮೋಸಹೋಗದೆ ಪದಪಟ್ಟಿ ನೋಡಿ ಬರೆಯಿರಿ.

ಮೊದಲು ನೆನಪಿಗೆ

ಅರಬ್ಬಿಯ 28 ಅಕ್ಷರಗಳಲ್ಲಿ 14 ಸೂರ್ಯಾಕ್ಷರ, 14 ಚಂದ್ರಾಕ್ಷರ. ಹೆಸರು ಬಂದದ್ದು ಎರಡು ಮಾದರಿ ಪದಗಳಿಂದ: ಶಮ್ಸ್ ಅಂದರೆ ಸೂರ್ಯ, ‘ಅಲ್’ ಸೇರಿದಾಗ ಅಶ್ಶಮ್ಸು, ಕಮರ್ ಅಂದರೆ ಚಂದ್ರ, ‘ಅಲ್’ ಸೇರಿದಾಗ ಅಲ್-ಕಮರು. ಮೊದಲನೆಯದರಲ್ಲಿ ಲಾಮ್ ಶೀನ್‌ನೊಳಗೆ ಕರಗಿತು, ಎರಡನೆಯದರಲ್ಲಿ ಉಳಿಯಿತು.

ಸೂರ್ಯಾಕ್ಷರ: ತಾ, ಥಾ, ದಾಲ್, ಧಾಲ್, ರಾ, ಝಾಯ್, ಸೀನ್, ಶೀನ್, ಸಾದ್, ದಾದ್, ದಪ್ಪ ತಾ, ದಪ್ಪ ಝಾ, ಲಾಮ್, ನೂನ್.
ಚಂದ್ರಾಕ್ಷರ: ಹಮ್ಝಾ, ಬಾ, ಜೀಮ್, ಗಂಟಲ ಹಾ, ಖಾ, ಐನ್, ಗೈನ್, ಫಾ, ಗಂಟಲ ಕಾಫ್, ಸಾದಾ ಕಾಫ್, ಮೀಮ್, ಸಾದಾ ಹಾ, ವಾವ್, ಯಾ.

ಪಟ್ಟಿ ಬಾಯಿಪಾಠ ಮಾಡುವ ಮೊದಲು ನಾಲಿಗೆಯನ್ನು ಕೇಳಿ. ‘ಲ’ ಎನ್ನಿ, ನಾಲಿಗೆಯ ತುದಿ ಮೇಲ್ಹಲ್ಲಿನ ಹಿಂದೆ ತಾಗುತ್ತದೆ. ಸೂರ್ಯಾಕ್ಷರಗಳೆಲ್ಲ ನಾಲಿಗೆಯ ಮುಂಭಾಗ ಅದರ ಆಸುಪಾಸಿಗೇ ಹೋಗುವ ಧ್ವನಿಗಳು, ಅದಕ್ಕೇ ಲಾಮ್ ಅವುಗಳಲ್ಲಿ ಸೇರಿಹೋಗುತ್ತದೆ. ತುಟಿಯಲ್ಲೋ ಗಂಟಲಲ್ಲೋ ಹುಟ್ಟುವ ಧ್ವನಿಯ ಮುಂದೆ ಲಾಮ್ ಬೇರೆಯಾಗಿಯೇ ನಿಲ್ಲುತ್ತದೆ. ಉತ್ + ಲೇಖ ಸೇರಿ ಉಲ್ಲೇಖ ಆದದ್ದನ್ನು ಶಾಲೆಯಲ್ಲಿ ಓದಿದ್ದೀರಿ. ಅಲ್ಲಿ ‘ತ್’ ಹೋಗಿ ಲಕಾರವಾಯಿತು, ಇಲ್ಲಿ ಲಕಾರ ಹೋಗಿ ತಕಾರವಾಗುತ್ತದೆ, ಅಷ್ಟೇ. ಒತ್ತಕ್ಷರ ಓದಿ ಬೆಳೆದವರಿಗೆ ಈ ಪಾಠ ಅರ್ಧ ಗೆದ್ದಂತೆ.

ಲೆಕ್ಕ ತಪ್ಪಿಸುವುದು ಜೀಮ್ ಒಂದೇ. ನಾಲಿಗೆಯ ಮುಂಭಾಗದಲ್ಲೇ ಹುಟ್ಟಿದರೂ ಅದು ಚಂದ್ರಾಕ್ಷರ, ಏಕೆಂದರೆ ಹಿಂದೆ ಅದರ ಉಚ್ಚಾರ ‘ಗ’ಕಾರದ ಹತ್ತಿರವಿತ್ತು (ಕೈರೋದಲ್ಲಿ ಇಂದಿಗೂ ‘ಗ’ ಎನ್ನುತ್ತಾರೆ). ಆಡುಮಾತಿನಲ್ಲಿ ಕೆಲವು ಕಡೆ ಜೀಮ್‌ನಲ್ಲೂ ಲಾಮ್ ಕರಗುವುದುಂಟು. ಈ ಹಾಳೆಯಲ್ಲಿ ಕರಗಿಸಿದರೆ ಅಂಕವಿಲ್ಲ.

ಬರವಣಿಗೆಯಲ್ಲಿ ಲಾಮ್ ಎಂದೂ ಅಳಿಯುವುದಿಲ್ಲ. ಸೂರ್ಯಾಕ್ಷರದ ಮೇಲೆ ಶದ್ದಾ ಹಾಕುತ್ತೇವೆ, ಲಾಮ್‌ನ ಮೇಲೆ ಏನೂ ಹಾಕುವುದಿಲ್ಲ. ಚಂದ್ರಾಕ್ಷರವಾದರೆ ಲಾಮ್‌ನ ಮೇಲೆ ಸುಕೂನ್.

ಅಭ್ಯಾಸ 1 (16 ಅಂಕ)
‘ಅಲ್’ ಸೇರಿಸಿ ಬರೆಯಿರಿ, ಶದ್ದಾ ಅಥವಾ ಸುಕೂನ್ ಹಾಕಿ, ಓದಿ. ಕಂಸದಲ್ಲಿರುವುದು ಮೊದಲ ಅಕ್ಷರ.

1. ಬಾಬ್, ಬಾಗಿಲು (ಬಾ)
2. ದವಾ’, ಔಷಧ (ದಾಲ್)
3. ಕಲ್ಬ್, ಹೃದಯ (ಗಂಟಲ ಕಾಫ್)
4. ರ’ಸ್, ತಲೆ (ರಾ)
5. ತಬೀಬ್, ವೈದ್ಯ (ದಪ್ಪ ತಾ)
6. ಜಿಲ್ದ್, ಚರ್ಮ (ಜೀಮ್)
7. ಲಿಸಾನ್, ನಾಲಿಗೆ (ಲಾಮ್)
8. ‘ಐನ್, ಕಣ್ಣು (ಐನ್)
9. ಧಿರಾ‘, ತೋಳು (ಧಾಲ್)
10. ನಬ್ದ್, ನಾಡಿ (ನೂನ್)
11. ಯದ್, ಕೈ (ಯಾ)
12. ಝಹ್ರ್, ಬೆನ್ನು (ದಪ್ಪ ಝಾ)
13. ಸದ್ರ್, ಎದೆ (ಸಾದ್)
14. ಉಧುನ್, ಕಿವಿ (ಹಮ್ಝಾ)
15. ಮರೀದ್, ರೋಗಿ (ಮೀಮ್)
16. ಥಲ್ಜ್, ಮಂಜುಗಡ್ಡೆ (ಥಾ)

ಮೂರನೆಯದನ್ನು ಸಾದಾ ಕಾಫ್‌ನಿಂದ ಹೇಳಿದರೆ ನಾಯಿ ಎಂದಾಗುತ್ತದೆ. ರೋಗಿಯ ಎದುರು ಹೇಳುವ ಪದ, ಜೋಪಾನ.

ಅಭ್ಯಾಸ 2 (6 ಅಂಕ)
ಅಕ್ಷರಗಳನ್ನು ಹೆಸರು ಹಿಡಿದು ಹೇಳಿದೆ. ಬರೆದುಕೊಂಡು, ಕೂಡಿಸಿ ಓದಿ.

1. ಅಲಿಫ್, ಲಾಮ್, ದಾಲ್, ಮೀಮ್ (ರಕ್ತ)
2. ಅಲಿಫ್, ಲಾಮ್, ಸೀನ್, ಸಾದಾ ಕಾಫ್, ರಾ (ಸಕ್ಕರೆ)
3. ಅಲಿಫ್, ಲಾಮ್, ಗಂಟಲ ಹಾ, ಲಾಮ್, ಯಾ, ಬಾ (ಹಾಲು)
4. ಅಲಿಫ್, ಲಾಮ್, ಲಾಮ್, ಯಾ, ಲಾಮ್ (ರಾತ್ರಿ)
5. ಅಲಿಫ್, ಲಾಮ್, ಜೀಮ್, ರಾ, ಗಂಟಲ ಹಾ (ಗಾಯ)
6. ಅಲಿಫ್, ಲಾಮ್, ಶೀನ್, ರಾ, ಅಲಿಫ್, ಬಾ (ಪಾನೀಯ, ಸಿರಪ್)

ಇದಾಫಾ: ಯಾರದ್ದು, ಯಾವುದರದ್ದು

ಕನ್ನಡದಲ್ಲಿ ಒಡೆಯ ಮೊದಲು: ಮನೆಯ ಬಾಗಿಲು. ಅರಬ್ಬಿಯಲ್ಲಿ ಒಡೆತನದ ವಸ್ತು ಮೊದಲು, ಒಡೆಯ ಆಮೇಲೆ: ಬಾಬುಲ್-ಬೈತಿ. ಮೊದಲ ಪದ ಮುದಾಫ್, ಎರಡನೆಯದು ಮುದಾಫ್ ಇಲೈಹಿ.

ಮುದಾಫ್‌ಗೆ ‘ಅಲ್’ ಇಲ್ಲ, ತನ್ವೀನ್ (ಕೊನೆಯ ‘ಉನ್’, ‘ಅನ್’, ‘ಇನ್’) ಕೂಡ ಇಲ್ಲ. ಅದರ ಕೊನೆಯ ಸ್ವರ ವಾಕ್ಯದಲ್ಲಿನ ಕೆಲಸಕ್ಕೆ ತಕ್ಕಂತೆ ಉ, ಅ, ಇ ಆಗಬಹುದು. ಮುದಾಫ್ ಇಲೈಹಿಯ ಕೊನೆ ನಮ್ಮ ಪದಗಳಲ್ಲೆಲ್ಲ ‘ಇ’ಕಾರ. ಅದಕ್ಕೆ ‘ಅಲ್’ ಇದ್ದರೆ ಇಡೀ ಗುಂಪೇ ನಿರ್ದಿಷ್ಟವಾಗುತ್ತದೆ: ಬಾಬುಲ್-ಬೈತಿ, ಆ ಮನೆಯ ಬಾಗಿಲು. ಇಲ್ಲದಿದ್ದರೆ ಬಾಬು ಬೈತಿನ್, ಯಾವುದೋ ಮನೆಯ ಬಾಗಿಲು.

ಓದುವಾಗ ‘ಅಲ್’ನ ಆರಂಭದ ‘ಅ’ ಬಿದ್ದುಹೋಗಿ ಹಿಂದಿನ ಪದದ ಸ್ವರಕ್ಕೆ ಲಾಮ್ ಅಂಟಿಕೊಳ್ಳುತ್ತದೆ. ಮುಂದೆ ಸೂರ್ಯಾಕ್ಷರವಿದ್ದರೆ ಆ ಲಾಮ್ ಕೂಡ ಮಾಯ. ದಗ್ತು + ಅದ್ದಮಿ ಎಂಬುದು ದಗ್ತುದ್ದಮಿ, ಅಂದರೆ ರಕ್ತದೊತ್ತಡ. ಬರೆಯುವಾಗ ಅಲಿಫ್ ಮತ್ತು ಲಾಮ್ ಎರಡೂ ಇರಲೇಬೇಕು.

ಸ್ತ್ರೀಲಿಂಗದ ತಾ ಮರ್ಬೂತಾ ಒಂಟಿಯಾಗಿ ನಿಂತಾಗ ಕೇಳದು (ಗುರ್ಫ, ಕೋಣೆ), ಮುದಾಫ್ ಆದಾಗ ತಕಾರ ಕೇಳಲೇಬೇಕು (ಗುರ್ಫತುಲ್-ಮರೀದಿ). ವಾರ್ಡಿನ ಆಡುಮಾತಿನಲ್ಲಿ ಕೊನೆಯ ಉ, ಇ ಸ್ವರಗಳು ಉದುರಿಹೋಗುತ್ತವೆ. ಈ ತಕಾರ ಮತ್ತು ಸೂರ್ಯಾಕ್ಷರದ ಒತ್ತು ಮಾತ್ರ ಅಲ್ಲೂ ಉಳಿಯುತ್ತವೆ. ಹಾಗಾಗಿ ಇವೆರಡನ್ನು ಮೊದಲು ಗಟ್ಟಿ ಮಾಡಿಕೊಳ್ಳಿ.

ಅಭ್ಯಾಸ 3 (12 ಅಂಕ)
ಎರಡನೆಯ ಪದಕ್ಕೆ ‘ಅಲ್’ ಕೊಟ್ಟು ಇದಾಫಾ ಮಾಡಿ. ಎಲ್ಲವೂ ಫಾರ್ಮುಗಳಲ್ಲೋ ಬೋರ್ಡುಗಳಲ್ಲೋ ಸಿಗುವಂಥವು.

1. ಇಸ್ಮ್ + ಮರೀದ್ (ರೋಗಿಯ ಹೆಸರು)
2. ತಾರೀಖ್ + ಮೀಲಾದ್ (ಹುಟ್ಟಿದ ದಿನಾಂಕ)
3. ಫಸೀಲ + ದಮ್ (ರಕ್ತದ ಗುಂಪು)
4. ದರಜ + ಹರಾರ (ಉಷ್ಣತೆಯ ಪ್ರಮಾಣ)
5. ಗುರ್ಫ + ತವಾರಿ’, ದಪ್ಪ ತಾ (ತುರ್ತು ಚಿಕಿತ್ಸೆಯ ಕೋಣೆ)
6. ಸಯ್ಯಾರ + ಇಸ್‘ಆಫ್, ಹಮ್ಝಾ (ಆಂಬುಲೆನ್ಸ್)
7. ತಬೀಬ್ + ಅಸ್ನಾನ್, ಹಮ್ಝಾ (ದಂತವೈದ್ಯ)
8. ಜವಾಝ್ + ಸಫರ್ (ಪಾಸ್‌ಪೋರ್ಟ್)
9. ‘ಅಕ್ದ್ + ‘ಅಮಲ್ (ಕೆಲಸದ ಕರಾರು)
10. ಶರಿಕ + ತ’ಮೀನ್ (ವಿಮಾ ಕಂಪನಿ)
11. ಮಿಫ್ತಾಹ್ + ಗುರ್ಫ (ಕೋಣೆಯ ಕೀಲಿ)
12. ಸರೀರ್ + ಮರೀದ್ (ರೋಗಿಯ ಹಾಸಿಗೆ)

ಅಭ್ಯಾಸ 4 (8 ಅಂಕ)
ತಪ್ಪಿದ್ದರೆ ತಿದ್ದಿ, ಕಾರಣ ಒಂದು ಸಾಲಿನಲ್ಲಿ ಬರೆಯಿರಿ. ಒಂದು ಸರಿಯಾಗಿದೆ.

1. ಅಲ್-ಇಸ್ಮುಲ್-ಮರೀದಿ (ರೋಗಿಯ ಹೆಸರು)
2. ಅಲ್-ಬೈತು ಬಾಬು (ಮನೆಯ ಬಾಗಿಲು)
3. ಫಸೀಲುದ್ದಮಿ
4. ದಗ್ತುಲ್-ದಮಿ
5. ಲೌನುಜ್ಜಿಲ್ದಿ (ಚರ್ಮದ ಬಣ್ಣ)
6. ಕಿತಾಬುನುತ್ತಬೀಬಿ (ವೈದ್ಯರ ಪುಸ್ತಕ)
7. ಬಾಬು ಬೈತಿನ್
8. ‘ಅಬ್ದುಲ್-ರಹ್ಮಾನ್

ಅಭ್ಯಾಸ 5 (8 ಅಂಕ)
ಮೊದಲ ನಾಲ್ಕರ ಅರ್ಥ ಕನ್ನಡದಲ್ಲಿ ಬರೆಯಿರಿ. ನಝೀಫ್ ಅಂದರೆ ಸ್ವಚ್ಛ, ಜದೀದ್ ಹೊಸತು, ಸಯ್ಯಾರ ಕಾರು.

1. ಅಸ್ಸರೀರು ನಝೀಫುನ್
2. ಅಸ್ಸರೀರುನ್ನಝೀಫು
3. ಸಯ್ಯಾರತುತ್ತಬೀಬಿಲ್-ಜದೀದತು
4. ಸಯ್ಯಾರತುತ್ತಬೀಬಿಲ್-ಜದೀದಿ

ಉಳಿದ ನಾಲ್ಕನ್ನು ಅರಬ್ಬಿಯಲ್ಲಿ ಸರಪಳಿಯಾಗಿ ಬರೆಯಿರಿ. ಸರಪಳಿಯಲ್ಲಿ ‘ಅಲ್’ ಕೊನೆಯ ಪದಕ್ಕೆ ಮಾತ್ರ; ಎರಡನೆಯ ಪದದಿಂದ ಮುಂದಕ್ಕೆ ಎಲ್ಲಕ್ಕೂ ‘ಇ’ಕಾರ.

5. ರೋಗಿಯ ಕೋಣೆಯ ನಂಬರು (ರಕ್ಮ್)
6. ರಕ್ತದೊತ್ತಡದ ಔಷಧ
7. ತುರ್ತು ವಿಭಾಗದ (ಕಿಸ್ಮ್) ಮುಖ್ಯಸ್ಥೆ (ಮುದೀರ)
8. ಕಾರಿನ ಬಾಗಿಲಿನ ಕೀಲಿ

ಉತ್ತರಗಳು

ಅಭ್ಯಾಸ 1: ಅಲ್-ಬಾಬು, ಅದ್ದವಾ’ಉ, ಅಲ್-ಕಲ್ಬು, ಅರ್ರ’ಸು, ಅತ್ತಬೀಬು, ಅಲ್-ಜಿಲ್ದು, ಅಲ್ಲಿಸಾನು, ಅಲ್-‘ಐನು, ಅಧ್ಧಿರಾ‘ಉ, ಅನ್ನಬ್ದು, ಅಲ್-ಯದು, ಅಝ್ಝಹ್ರು, ಅಸ್ಸದ್ರು, ಅಲ್-ಉಧುನು, ಅಲ್-ಮರೀದು, ಅಥ್ಥಲ್ಜು. ಏಳನೆಯದರಲ್ಲಿ ಲಾಮ್ ಎರಡು ಸಲ ಬರೆಯಬೇಕು, ಶದ್ದಾ ಎರಡನೆಯದರ ಮೇಲೆ. ಹನ್ನೊಂದರಲ್ಲಿ ‘ಅಯ್ಯದು’ ಎಂದು ಓದಿದವರು ಹೆಚ್ಚು, ಯಾ ಚಂದ್ರಾಕ್ಷರ.

ಅಭ್ಯಾಸ 2: ಅದ್ದಮ್, ಅಸ್ಸುಕ್ಕರ್, ಅಲ್-ಹಲೀಬ್, ಅಲ್ಲೈಲ್, ಅಲ್-ಜುರ್ಹ್, ಅಶ್ಶರಾಬ್. ಎರಡನೆಯದರಲ್ಲಿ ಶದ್ದಾ ಎರಡು: ಸೀನ್‌ನದು ‘ಅಲ್’ನಿಂದ ಬಂದದ್ದು, ಕಾಫ್‌ನದು ಪದದ್ದೇ.

ಅಭ್ಯಾಸ 3: ಇಸ್ಮುಲ್-ಮರೀದಿ, ತಾರೀಖುಲ್-ಮೀಲಾದಿ, ಫಸೀಲತುದ್ದಮಿ, ದರಜತುಲ್-ಹರಾರತಿ, ಗುರ್ಫತುತ್ತವಾರಿ’ಇ, ಸಯ್ಯಾರತುಲ್-ಇಸ್‘ಆಫಿ, ತಬೀಬುಲ್-ಅಸ್ನಾನಿ, ಜವಾಝುಸ್ಸಫರಿ, ‘ಅಕ್ದುಲ್-‘ಅಮಲಿ, ಶರಿಕತುತ್ತ’ಮೀನಿ, ಮಿಫ್ತಾಹುಲ್-ಗುರ್ಫತಿ, ಸರೀರುಲ್-ಮರೀದಿ. ಐದರಲ್ಲಿ ಎರಡು ತಕಾರ ಬೆನ್ನಿಗೆ ಬೆನ್ನು ಬರುತ್ತವೆ: ಮೊದಲನೆಯದು ತಾ ಮರ್ಬೂತಾದ ಸಪೂರ ತಕಾರ, ಎರಡನೆಯದು ಒತ್ತಿನ ದಪ್ಪ ತಾ. ನಡುವಿನ ‘ಉ’ ನುಂಗಿದರೆ ಎರಡೂ ಕಲಸಿಹೋಗುತ್ತವೆ.

ಅಭ್ಯಾಸ 4:
1. ಇಸ್ಮುಲ್-ಮರೀದಿ. ಮುದಾಫ್‌ಗೆ ‘ಅಲ್’ ಇಲ್ಲ. ಅದರ ನಿರ್ದಿಷ್ಟತೆ ರೋಗಿಯಿಂದಲೇ ಬರುತ್ತದೆ. ಇಂಗ್ಲಿಷ್ ಮೂಲಕ ಯೋಚಿಸಿದಾಗ ಆಗುವ ತಪ್ಪು.
2. ಬಾಬುಲ್-ಬೈತಿ. ಇದು ಕನ್ನಡದ ಅನುಕ್ರಮದಿಂದ ಬಂದ ತಪ್ಪು.
3. ಫಸೀಲತುದ್ದಮಿ. ತಾ ಮರ್ಬೂತಾ ಬಿಟ್ಟುಹೋಗಿದೆ.
4. ದಗ್ತುದ್ದಮಿ. ದಾಲ್ ಸೂರ್ಯಾಕ್ಷರ.
5. ಲೌನುಲ್-ಜಿಲ್ದಿ. ಜೀಮ್ ಚಂದ್ರಾಕ್ಷರ.
6. ಕಿತಾಬುತ್ತಬೀಬಿ. ಮುದಾಫ್‌ಗೆ ತನ್ವೀನ್ ಇಲ್ಲ.
7. ಸರಿ.
8. ‘ಅಬ್ದುರ್ರಹ್ಮಾನ್. ಇದೂ ಇದಾಫಾವೇ: ‘ಅಬ್ದ್ ಅಂದರೆ ದಾಸ. ಊರಿನ ಹೆಸರುಗಳನ್ನೇ ನೋಡಿ: ಅಬ್ದುಲ್ ಕರೀಂನಲ್ಲಿ ಲಕಾರ ಉಳಿದಿದೆ, ಅಬ್ದುಸ್ಸಲಾಂ, ನೂರುದ್ದೀನ್, ಶಂಸುದ್ದೀನ್‌ಗಳಲ್ಲಿ ಕರಗಿದೆ. ರಿಜಿಸ್ಟರಿನಲ್ಲಿ ‘ಅಬ್ದುಲ್’ ಎಂದಷ್ಟೇ ಬರೆದು ಕರೆಯುವುದು ಹೆಸರನ್ನು ‘ಅಲ್’ನ ನಡುವೆ ತುಂಡರಿಸಿದಂತೆ.

ಅಭ್ಯಾಸ 5: (1) ಹಾಸಿಗೆ ಸ್ವಚ್ಛವಾಗಿದೆ. ಇದು ಪೂರ್ಣ ವಾಕ್ಯ. (2) ಆ ಸ್ವಚ್ಛವಾದ ಹಾಸಿಗೆ. ವಾಕ್ಯ ಇನ್ನೂ ಮುಗಿದಿಲ್ಲ. ನಕಾರದ ಒತ್ತು ಮತ್ತು ಕೊನೆಯ ತನ್ವೀನ್ ಬಿಟ್ಟರೆ ಕಿವಿಗೆ ಬೇರೆ ಸುಳಿವಿಲ್ಲ. (3) ವೈದ್ಯರ ಹೊಸ ಕಾರು. ಇದಾಫಾದ ನಡುವೆ ವಿಶೇಷಣ ನುಗ್ಗುವಂತಿಲ್ಲ, ಬಾಲಕ್ಕೆ ಹೋಗಿ ನಿಲ್ಲಬೇಕು. ಸ್ತ್ರೀಲಿಂಗದ ತಕಾರ ಮತ್ತು ‘ಉ’ಕಾರ ಅದು ಕಾರಿನದೆಂದು ಹೇಳುತ್ತವೆ. (4) ಹೊಸ ವೈದ್ಯರ ಕಾರು. (5) ರಕ್ಮು ಗುರ್ಫತಿಲ್-ಮರೀದಿ. (6) ದವಾ’ಉ ದಗ್ತಿದ್ದಮಿ. (7) ಮುದೀರತು ಕಿಸ್ಮಿತ್ತವಾರಿ’ಇ. (8) ಮಿಫ್ತಾಹು ಬಾಬಿಸ್ಸಯ್ಯಾರತಿ.

ಐದರಿಂದ ಎಂಟರವರೆಗೆ ನಡುವಿನ ಪದಕ್ಕೂ ‘ಅಲ್’ ಹಾಕಿದ್ದರೆ ಅರ್ಧ ಅಂಕ ಕಳೆಯಿರಿ. 35ಕ್ಕಿಂತ ಕಡಿಮೆ ಬಂದವರು ಅಭ್ಯಾಸ 3ನ್ನು ಪದಪಟ್ಟಿ ನೋಡದೆ ಮತ್ತೆ ಬರೆದು ತನ್ನಿ. ಮುಂದಿನ ತರಗತಿಗೆ ‘ಲಿ’ ಸೇರಿದಾಗಿನ ಬರಹ: ಲಿಲ್-ಮರೀದಿ (ರೋಗಿಗೆ) ಎಂಬಲ್ಲಿ ‘ಅಲ್’ನ ಅಲಿಫ್ ಬರೆಯುವುದೇ ಇಲ್ಲ, ಲಾಮ್ ಎರಡು ಪಕ್ಕಪಕ್ಕ ಬರುತ್ತವೆ.