ಸಿಇಟಿಗೆ ಮುನ್ನ ಗುರುಗಳಿಗೊಂದು ಪತ್ರ

ಚಿಂತಾಮಣಿ

ಪೂಜ್ಯ ಗುರುಗಳಿಗೆ ನಮಸ್ಕಾರಗಳು.

ಮೂರು ವರ್ಷಗಳ ಹಿಂದೆ ಪ್ರೌಢಶಾಲೆಯಲ್ಲಿ ನಿಮ್ಮ ಬಳಿ ವಿಜ್ಞಾನ ಕಲಿತ ಸುಮಾ ನಾನು. ದ್ವಿತೀಯ ಪಿಯುಸಿ ಪರೀಕ್ಷೆ ಮುಗಿಸಿ, ಮುಂದಿನ ತಿಂಗಳ ಸಿಇಟಿಗೆ ಸಿದ್ಧಳಾಗುತ್ತಿದ್ದೇನೆ.

2019ರಿಂದ 2023ರವರೆಗಿನ ಐದು ಭೌತಶಾಸ್ತ್ರ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಮುಂದಿಟ್ಟುಕೊಂಡು ಬಿಡಿಸಿ, ನೀವು ಹೇಳಿಕೊಟ್ಟಂತೆಯೇ ತಪ್ಪುಗಳನ್ನು ಬೇರೆ ನೋಟ್‌ಬುಕ್ಕಿನಲ್ಲಿ ಕಾರಣಸಹಿತ ಬರೆದಿಟ್ಟಿದ್ದೇನೆ. (ಆ ಪುಸ್ತಕ ನಾನು ಅಂದುಕೊಂಡದ್ದಕ್ಕಿಂತ ದಪ್ಪವಾಗಿದೆ.) 60ಕ್ಕೆ 38ರಿಂದ 44 ಅಂಕಗಳು ಬರುತ್ತಿವೆ. ವಿದ್ಯುತ್ ಮತ್ತು ದೃಗ್ವಿಜ್ಞಾನದಲ್ಲಿ ತೊಂದರೆಯಿಲ್ಲ. ಎಡವುತ್ತಿರುವುದು ಪ್ರಥಮ ಪಿಯುಸಿಯ ಭ್ರಮಣ ಚಲನೆಯಲ್ಲಿ.

ನನ್ನ ಪ್ರಶ್ನೆ ಒಂದೇ. ಇಳಿಜಾರಿನಲ್ಲಿ ಜಾರದೆ ಉರುಳುವ ಘನಗೋಳದ ಲೆಕ್ಕವನ್ನು ಟಾರ್ಕ್ ಮತ್ತು ಘರ್ಷಣೆಯ ಸಮೀಕರಣಗಳಿಂದ ಬಿಡಿಸಿದರೆ ವೇಗೋತ್ಕರ್ಷ (5/7)g sinθ ಎಂದು ಸರಿಯಾಗಿಯೇ ಬರುತ್ತದೆಯಾದರೂ ಮೂರು ನಿಮಿಷ ಹಿಡಿಯುತ್ತದೆ. 80 ನಿಮಿಷಕ್ಕೆ 60 ಪ್ರಶ್ನೆಗಳೆಂದರೆ ಒಂದಕ್ಕೆ ಸಿಗುವುದು 80 ಸೆಕೆಂಡು ಮಾತ್ರ. ಶಕ್ತಿ ಸಂರಕ್ಷಣೆಯಿಂದ ಬೇಗ ಮುಗಿಯುತ್ತದೆ, ಆದರೆ ಘರ್ಷಣೆಯಿದ್ದೂ ಯಾಂತ್ರಿಕ ಶಕ್ತಿ ಏಕೆ ನಷ್ಟವಾಗುವುದಿಲ್ಲ ಎಂಬುದು ನನಗೆ ಪೂರ್ತಿ ಮನದಟ್ಟಾಗಿಲ್ಲ. ಸ್ಪರ್ಶಬಿಂದು ಆ ಕ್ಷಣದಲ್ಲಿ ನಿಶ್ಚಲವಾಗಿರುವುದರಿಂದ ಘರ್ಷಣೆ ಮಾಡುವ ಕೆಲಸ ಸೊನ್ನೆ ಎಂದು ನಾನು ತಿಳಿದಿರುವುದು ಸರಿಯೇ?

ಭಾನುವಾರ ಬೆಳಿಗ್ಗೆ ಹತ್ತು ನಿಮಿಷ ಬಿಡುವಿದ್ದರೆ ನೋಟ್‌ಬುಕ್ಕಿನೊಡನೆ ಮನೆಗೆ ಬರುತ್ತೇನೆ. ಅನುಕೂಲವಾಗದಿದ್ದರೆ ಎರಡು ಸಾಲಿನ ಉತ್ತರ ಬರೆದು ತಮ್ಮನ ಕೈಯಲ್ಲಿ ಕಳುಹಿಸಿದರೂ ಸಾಕು.

ಇಂತಿ ನಿಮ್ಮ ವಿದ್ಯಾರ್ಥಿನಿ,
ಸುಮಾ